ಉದ್ರಿ ಕೊಟ್ಟರೂ ಚಾಫ್ ಕಟರ್ ಹೋಗ್ತಿಲ್ಲ, ಅಡ್ವಾನ್ಸ್ ಇನ್ನೂ ಇಳಿಸಲಾ?

ಹೊಸ ವ್ಯಾಪಾರಿ

ಎಲ್ಲರಿಗೂ ನಮಸ್ಕಾರ. ತಿಪಟೂರು, ಚಿಕ್ಕನಾಯಕನಹಳ್ಳಿ, ಅರಸೀಕೆರೆ ಕಡೆ ಹಸು ಸಾಕುವವರಿಗೆ ಮೇವು ಕತ್ತರಿಸೋ ಚಾಫ್ ಕಟರ್ ಮಾರ್ತೀನಿ. 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರು. ಬಾಡಿ ನಮ್ಮ ಶೆಡ್ಡಲ್ಲೇ ವೆಲ್ಡಿಂಗ್ ಆಗುತ್ತೆ, ಮೋಟಾರು ಹೊರಗಿಂದ ಬರುತ್ತೆ. ಮನೆಗೆ ತಲುಪಿಸಿ 26,000. ನನಗೆ ಬೀಳೋ ಖರ್ಚು ಎಲ್ಲಾ ಸೇರಿ 21,000.

14 ತಿಂಗಳಲ್ಲಿ 62 ಹೋಗಿದೆ. 24 ಜನ ಪೂರ್ತಿ ದುಡ್ಡು ಕೊಟ್ಟು ತಗೊಂಡ್ರು. ಉಳಿದ 38 ಉದ್ರಿ: 12,000 ಮೊದಲು, ಬಾಕಿ 14,000 ಆರು ತಿಂಗಳೊಳಗೆ. ಅದರಲ್ಲಿ 17 ಜನ ತೀರಿಸಿದ್ದಾರೆ. 21 ಜನ ನಿಲ್ಲಿಸಿಕೊಂಡಿದ್ದಾರೆ, ಒಟ್ಟು ಬಾಕಿ 2,52,000.

ಮೊದಲ ಆರು ತಿಂಗಳಲ್ಲೇ 40 ಹೋಗಿತ್ತು. ಕಳೆದ ಮೂರು ತಿಂಗಳಲ್ಲಿ ಬರೀ 4. ಗೋಡೌನಲ್ಲಿ 30 ಮಿಷನ್ ನಿಂತಿದೆ. ಈಗ ಅಡ್ವಾನ್ಸ್ 6,000ಕ್ಕೆ ಇಳಿಸಿ, ಬಾಕಿಗೆ ಒಂದು ವರ್ಷ ಟೈಮ್ ಕೊಡೋಣ ಅಂತಿದ್ದೀನಿ. ನಮ್ಮ ಕಡೆ ಪೈಪೋಟಿಯವನೊಬ್ಬ ಹಾಗೇ ಕೊಡ್ತಿದ್ದಾನೆ. ಸರಿನಾ?

ರೀಲ್ಸ್ ರಾಜ

ಸರ್, ನಿಮ್ಮ ಸಮಸ್ಯೆ ಉದ್ರಿ ಅಲ್ಲ, ನಿಮ್ಮ ಹೆಸರೇ ಜನಕ್ಕೆ ಗೊತ್ತಿಲ್ಲ. ಈಗ ಹಳ್ಳಿಯಲ್ಲಿ ಎಲ್ಲರ ಕೈಲೂ ಫೋನಿದೆ. ತಗೊಂಡ ರೈತರ ಕೈಲೇ 40 ಸೆಕೆಂಡಿನ ವಿಡಿಯೋ ಮಾಡಿಸಿ, ವಾಟ್ಸಾಪ್ ಗ್ರೂಪಿಗೆ ಬಿಡಿ. ಕಂಪನಿ ಜಾಹೀರಾತನ್ನ ಯಾರೂ ನಂಬಲ್ಲ, ಪಕ್ಕದೂರಿನವನು ಹೇಳಿದ್ರೆ ನಂಬ್ತಾರೆ. ಬಾಕಿ ತಲೆನೋವು ಬೇಡ ಅಂದ್ರೆ ಯಾವುದಾದ್ರೂ ಫೈನಾನ್ಸ್ ಜೊತೆ ಟೈ ಅಪ್ ಮಾಡಿಕೊಂಡು ಇಎಂಐ ಕೊಡಿಸಿ. ಕೊಡದವರಿಗೆ ವಕೀಲರ ನೋಟಿಸ್.

ಗುಬ್ಬಿ ಹುಡುಗ

ಅಣ್ಣ ಇದಕ್ಕೆ ಸಬ್ಸಿಡಿ ಸಿಗುತ್ತಾ? ಅರ್ಜಿ ಎಲ್ಲಿ ಹಾಕ್ಬೇಕು? ಪಹಣಿ ಅಪ್ಪನ ಹೆಸರಲ್ಲಿದೆ.

ಕಬ್ಬಿನ ಬಿಲ್ಲು

ನಮ್ಮದು ಮುಧೋಳ ಕಡೆ. ಬೀಜ-ಗೊಬ್ಬರದ ಅಂಗಡಿ ಐತ್ರಿ, 19 ವರ್ಷ ಆತು. ಒಂದ ಮಾತು ಹೇಳತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಉದ್ರಿ ಜಾಸ್ತಿ ಮಾಡಿದ್ರ ಮಾಲು ಹೋಗತೈತಿ, ಆದ್ರ ಅದು ಮಾರಾಟ ಅಲ್ರಿ, ಗೋಡೌನ್ ಬದಲಿ ಮಾಡಿದಂಗ. ನಿಮ್ಮ ಗೋಡೌನ್‌ದಾಗ ಇದ್ದದ್ದು ಅವರ ಹಕ್ಕ್ಯಾಗ ಹೋಗಿ ನಿಲ್ಲತೈತಿ ಅಷ್ಟ.

ನಮ್ಮ ಕಡೆ ಎಲ್ಲಾರೂ "ಬಿಲ್ಲು ಬಂದ ಮ್ಯಾಲೆ" ಅಂತಾರ. ಕಬ್ಬು ಕಳಿಸಿದ 14 ದಿನದಾಗ ಕಾರ್ಖಾನೆ ರೊಕ್ಕ ಕೊಡಬೇಕು ಅಂತ 1966ರ ಆದೇಶದಾಗ ಐತಿ. ಆದ್ರ ಬರೂದು ಅವರ ಮನಸ್ಸಿಗೆ ಬಂದಾಗ. ರೈತ ಸುಳ್ಳು ಹೇಳಂಗಿಲ್ಲ, ಅವಂಗೂ ದಿನಾಂಕ ಗೊತ್ತಿರಂಗಿಲ್ಲ. ಅದಕ್ಕ ನಾ ಎರಡು ರೇಟ್ ಇಟ್ಟೀನಿ, ನಗದು ಒಂದು, ಉದ್ರಿ ಒಂದು. ಎರಡೂ ಬಾಯಿಬಿಟ್ಟು ಹೇಳತೀನಿ. ಅರ್ಧ ಮಂದಿ ಎಲ್ಲಿಂದರೆ ರೊಕ್ಕ ತಂದು ನಗದು ಕೊಡತಾರ.

ಹಳೇ ಖಾತೆ

ವ್ಯಾಪಾರಿಗಳೇ, 6,000 ಅಡ್ವಾನ್ಸ್ ಬೇಡ. ಲೆಕ್ಕ ಹಾಕಿ. ಈಗ 12,000 ಕೊಟ್ಟು ಬಾಕಿ ಮುಳುಗಿಸಿದವನೊಬ್ಬ ನಿಮಗೆ 9,000 ನಷ್ಟ ಮಾಡ್ತಾನೆ. ಅದನ್ನ ತುಂಬಿಸೋಕೆ ಇಬ್ಬರು ಒಳ್ಳೇ ಗಿರಾಕಿ ಬೇಕು. 6,000 ಮಾಡಿದ್ರೆ ನಷ್ಟ 15,000, ಮೂವರು ಬೇಕು. ಪೈಪೋಟಿಯವನು ಹೇಗೆ ತಡ್ಕೋತಾನೆ ಅನ್ನೋದು ಅವನ ಹಣೆಬರಹ.

ಆದ್ರೆ ಮೊದಲು ಒಂದು ಪ್ರಶ್ನೆ. ಆ 21 ಜನರ ಪಟ್ಟಿ ಇದೆಯಲ್ಲ, ಅದನ್ನ ಯಾರು ಎಷ್ಟು ಕೊಡಬೇಕು ಅನ್ನೋದರ ಮೇಲೆ ಬರೆದುಕೊಂಡಿರ್ತೀರಿ. ಈಗ ಊರಿನ ಪ್ರಕಾರ ಬರೀರಿ. ಪ್ರತಿ ಹೆಸರಿನ ಮುಂದೆ ಎರಡೇ ವಿಷಯ ಸೇರಿಸಿ: ಕೊನೇ ಕಂತು ಯಾವ ತಿಂಗಳು ಬಂತು, ಆ ಮನೆಗೆ ದುಡ್ಡು ಮುಖ್ಯವಾಗಿ ಎಲ್ಲಿಂದ ಬರುತ್ತೆ. ಬರೆದು ಇಲ್ಲಿ ಹಾಕಿ, ಹೆಸರು ಬೇಡ.

ಹೊಸ ವ್ಯಾಪಾರಿ

ಸರ್, ರಾತ್ರಿ ಕೂತು ಬರೆದೆ. 13 ಜನ ಒಂದೇ ಹೋಬಳಿ, ಅಕ್ಕಪಕ್ಕದ ಆರು ಹಳ್ಳಿ. ಅವರೆಲ್ಲಾ ಹಾಲು ಹಾಕೋರೇ. ಕೊನೇ ಕಂತು ಬಂದಿದ್ದು ಹೆಚ್ಚು ಕಡಿಮೆ ಒಂದೇ ತಿಂಗಳಲ್ಲಿ, ಆಮೇಲೆ ಯಾರದ್ದೂ ಇಲ್ಲ. 5 ಜನ ತೆಂಗಿನ ತೋಟದವರು, ಬೇರೆ ಬೇರೆ ಊರು, "ಕೊಬ್ಬರಿ ಬಿಟ್ಟಮೇಲೆ" ಅಂತಾರೆ. ಉಳಿದ 3 ಜನ ಅಲ್ಲೊಬ್ಬ ಇಲ್ಲೊಬ್ಬ.

ಆ ಹೋಬಳಿಯಲ್ಲಿ ಹೊಸ ಮಾರಾಟವೂ ಅದೇ ತಿಂಗಳಿಂದ ಸೊನ್ನೆ. ಇದನ್ನ ನಾನು ಗಮನಿಸಿರಲಿಲ್ಲ.

ಹಳೇ ಖಾತೆ

ನೋಡಿ, ಒಂದೇ ಪಟ್ಟಿಯಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇದೆ.

ಆ ಮೂವರು ಚೆಲ್ಲಾಪಿಲ್ಲಿ. ಅದು ಆಯಾ ಮನೆಯ ಕಷ್ಟ, ಆಸ್ಪತ್ರೆನೋ ಮದುವೆನೋ ಇರುತ್ತೆ. ಪ್ರತಿ ವ್ಯಾಪಾರದಲ್ಲೂ ಇಷ್ಟು ಇದ್ದೇ ಇರುತ್ತೆ, ತಾಳ್ಮೆಯಿಂದ ಕೇಳ್ತಾ ಇರಿ.

ಐದು ಜನ ಕೊಬ್ಬರಿಯವರದ್ದು ದಿನಾಂಕದ ತಪ್ಪು, ಅವರದ್ದಲ್ಲ, ನಿಮ್ಮದು. ತಿಪಟೂರಿನವರಿಗೆ ನಾನು ಹೇಳಬೇಕಾ? ಕಾಯಿ ಅಟ್ಟಕ್ಕೆ ಹಾಕಿದ್ರೆ ಉಂಡೆ ಕೊಬ್ಬರಿ ಆಗೋಕೆ ಹತ್ತು-ಹನ್ನೊಂದು ತಿಂಗಳು. ಆಮೇಲೂ ರೇಟ್ ಬಿದ್ದಿದ್ರೆ ಅವರು ಬಿಡಲ್ಲ, ಇನ್ನೆರಡು ತಿಂಗಳು ನೋಡ್ತಾರೆ. ಅಂಥವರಿಗೆ "ಆರು ತಿಂಗಳು" ಅಂತ ಬರೆದುಕೊಂಡಿದ್ದು ನಿಮ್ಮ ಪುಸ್ತಕದಲ್ಲಿ ಮಾತ್ರ. ಕೊಬ್ಬರಿ ನಂಬಿ ಕೊಟ್ಟ ಉದ್ರಿಗೆ ಗಡುವೇ ಇರಲ್ಲ. ಅದೇ ಮನೆಯಲ್ಲಿ ಎರಡು ಹಸು ಇದ್ದೇ ಇರುತ್ತೆ, ಇಲ್ಲದಿದ್ರೆ ಚಾಫ್ ಕಟರ್ ಯಾಕೆ ತಗೋತಿದ್ರು? ಕಂತನ್ನ ಹಾಲಿನ ಬಟವಾಡೆಗೆ ಕಟ್ಟಬೇಕಿತ್ತು.

ನನಗೆ ಭಯ ಆಗ್ತಿರೋದು ಆ 13 ಜನರ ಬಗ್ಗೆ. ಬಟವಾಡೆ ತಪ್ಪದೆ ಬರ್ತಿರೋ ಮನೆಗಳು ಆರು ಹಳ್ಳಿಯಲ್ಲಿ ಒಂದೇ ತಿಂಗಳು ಕೈ ಕಟ್ಟಿವೆ ಅಂದ್ರೆ ಅದು ದುಡ್ಡಿನ ಕೊರತೆ ಅಲ್ಲ. ಅಲ್ಲೊಂದು ಕಥೆ ಓಡಾಡ್ತಿದೆ. ಆ ತಿಂಗಳು ಅಲ್ಲಿ ಏನಾಯ್ತು? ನಿಜ ಹೇಳಿ.

ಹೊಸ ವ್ಯಾಪಾರಿ

ಹೇಳ್ತೀನಿ ಸರ್. ಮೊದಲೇ ಬರೀಬೇಕಿತ್ತೇನೋ.

ಅಲ್ಲೊಬ್ಬರ ಮನೆಯಲ್ಲಿ ಮೋಟಾರು ಸುಟ್ಟುಹೋಯ್ತು. ತಗೊಂಡು ಎರಡು ತಿಂಗಳು ಆಗಿತ್ತಷ್ಟೇ. ಮೋಟಾರಿನ ಕಂಪನಿಗೆ ಕಳಿಸಿ, ಅವರು ನೋಡಿ, ವಾರಂಟಿ ಒಪ್ಪಲಿಲ್ಲ. ಆಮೇಲೆ ನಾನೇ ವೈಂಡಿಂಗ್ ಮಾಡಿಸಿ ಕೊಟ್ಟೆ. ಅಷ್ಟೊತ್ತಿಗೆ 23 ದಿನ. ಅವರು ಬಾಕಿ 12,000 ಕೊಡಲ್ಲ ಅಂದ್ರು. ವಸೂಲಿಗೆ ಒಬ್ಬ ಹುಡುಗನ್ನ ಇಟ್ಟಿದ್ದೆ. ಅವನು ಸಂಜೆ ಹಾಲು ಹಾಕೋ ಹೊತ್ತಲ್ಲಿ ಡೈರಿ ಮುಂದೆ ಹಿಡ್ಕೊಂಡು, "ಮಿಷನ್ ರಿಪೇರಿ ಆಗಿದೆಯಲ್ಲ, ದುಡ್ಡು ಕೊಡೋಕೆ ಏನು ರೋಗ" ಅಂದುಬಿಟ್ಟಿದ್ದಾನೆ. ಕ್ಯಾನು ಹಿಡ್ಕೊಂಡು ಊರೇ ನಿಂತಿತ್ತಂತೆ. ಹುಡುಗನ್ನ ಬಿಡಿಸಿದೆ, ಆದ್ರೆ ನಾನು ಆ ಮನೆಗೆ ಮತ್ತೆ ಹೋಗಲಿಲ್ಲ.

ಇನ್ನೊಂದು ವಿಷಯ. ಆ ಕಡೆ ಒಂದು ಡೈರಿಯ ಕಾರ್ಯದರ್ಶಿಗೆ ಮಿಷನ್ನಿಗೆ 500 ರೂಪಾಯಿ ಕೊಡ್ತಿದ್ದೆ, ಅವರು ಹೇಳಿ ಕಳಿಸ್ತಿದ್ರು. ಮೊದಲು ಅದರಿಂದಲೇ ಓಡಿದ್ದು.

ವೈಂಡಿಂಗ್ ಅಂಗಡಿ

ನಾನು ಮೋಟಾರು ಕಟ್ಟೋನು. ತಿಂಗಳಿಗೆ ನಾಲ್ಕೈದು ಚಾಫ್ ಕಟರ್ ಮೋಟಾರು ಬರುತ್ತೆ ನನ್ನ ಹತ್ರ. ಕಂಪನಿ ವಾರಂಟಿ ಯಾಕೆ ಒಪ್ಪಲಿಲ್ಲ ಅಂತ ನಾನು ಹೇಳ್ತೀನಿ, ಮಿಷನ್ ನೋಡದೆ.

ಮನೆಗೂ ಕೊಟ್ಟಿಗೆಗೂ ಎಷ್ಟು ದೂರ? 35-40 ಮೀಟರ್ ಇರುತ್ತೆ. ಬಲ್ಬಿಗೆ ಅಂತ ಎಳೆದಿರೋ 1 ಸ್ಕ್ವೇರ್ ಎಂಎಂ ವೈರು. 2 ಎಚ್‌ಪಿ ಮೋಟಾರು ಓಡುವಾಗ ಹತ್ತಿರ ಹತ್ತಿರ 10 ಆಂಪಿಯರ್ ಎಳೆಯುತ್ತೆ, ಸ್ಟಾರ್ಟ್ ಆಗುವಾಗ ಅದರ ನಾಲ್ಕೈದು ಪಟ್ಟು. ಅಷ್ಟು ಕರೆಂಟಿಗೆ ಆ ವೈರಲ್ಲೇ 50 ವೋಲ್ಟಿಗೂ ಮೇಲೆ ತಿಂದುಹೋಗುತ್ತೆ. ಲೈನಿನ ಕೊನೇ ಮನೆ ಆದ್ರೆ ಮೊದಲೇ 200 ಇರುತ್ತೆ, ಉಳಿಯೋದು 150. ವೋಲ್ಟೇಜ್ ಮುಕ್ಕಾಲಿಗೆ ಇಳಿದ್ರೆ ಎಳೆಯೋ ಶಕ್ತಿ ಮುಕ್ಕಾಲಲ್ಲ, ಅರ್ಧದ ಹತ್ರ ಬರುತ್ತೆ. ಅದರ ಮೇಲೆ ಹಸಿ ಸೀಮೆಹುಲ್ಲು ಕಂತೆ ಕಂತೆ ತುರುಕ್ತಾರೆ. ಚಕ್ರ ನಿಲ್ಲುತ್ತೆ, ಸ್ವಿಚ್ ಆಫ್ ಮಾಡಲ್ಲ, ಗುಂಯ್ ಅಂತ ಸದ್ದು ಬರುತ್ತೆ, ವಾಸನೆ ಬರುತ್ತೆ, ಮುಗೀತು.

ರೈತನಿಗೆ ಕಾಣೋದು ಒಂದೇ: ಮಿಷನ್ ಸುಟ್ಟಿತು. ಅವನು ಹೇಳೋದೂ ಅದನ್ನೇ, "ಆ ಮಿಷನ್ ಬೇಡ, ಮೋಟಾರು ಸುಡುತ್ತೆ." ಮಾರೋಕೆ ಮುಂಚೆ ಒಂದು ಮಲ್ಟಿಮೀಟರ್ ಹಿಡ್ಕೊಂಡು ಹೋಗಿ, ಕೊಟ್ಟಿಗೆಯ ಪ್ಲಗ್ಗಲ್ಲಿ ಮಿಷನ್ ಸ್ಟಾರ್ಟ್ ಮಾಡ್ತಾ ವೋಲ್ಟೇಜ್ ನೋಡಿ. ಸುಮ್ಮನಿದ್ದಾಗ ಅಲ್ಲ, ಸ್ಟಾರ್ಟ್ ಮಾಡ್ತಾ. ಓಡೋಕೆ ಶುರುವಾದ ಮೇಲೂ 200ರ ಕೆಳಗೇ ನಿಂತ್ರೆ ಅವತ್ತು ಮಾರಬೇಡಿ. 2.5 ಸ್ಕ್ವೇರ್ ಎಂಎಂ ವೈರು ಹಾಕಿಸಿ ಅಂತ ಹೇಳಿ ವಾಪಸ್ ಬನ್ನಿ.

ರೀಲ್ಸ್ ರಾಜ

ಮಾರೋಕೆ ಹೋಗಿ ಮಾರದೆ ಬರೋದಾ? ಟಾರ್ಗೆಟ್ ಏನಾಗುತ್ತೆ ಸರ್?

ಎರಡು ಹಸು

ನಾನು ಮಾರೋಳಲ್ಲ, ತಗೊಳ್ಳೋಳು. ನಮ್ಮದು ಮಹಿಳಾ ಡೈರಿ, ಹಾಲಿನ ದುಡ್ಡು ನನ್ನ ಅಕೌಂಟಿಗೇ ಬರೋದು.

ನಮ್ಮೂರಲ್ಲೂ ಒಬ್ಬರು ಹೀಗೆ ವೈರು ಸಣ್ಣದು ಅಂತ ಮಿಷನ್ ಕೊಡದೆ ವಾಪಸ್ ಹೋದ್ರು. ನಾವು ಎರಡು ದಿನ ಅದನ್ನೇ ಮಾತಾಡಿದ್ವಿ, "ದುಡ್ಡು ಕೊಡ್ತೀವಿ ಅಂದ್ರೂ ಕೊಡಲಿಲ್ಲವಲ್ಲ" ಅಂತ. ಆಮೇಲೆ ವೈರು ಹಾಕಿಸಿ ಅವರ ಹತ್ರಾನೇ ತಗೊಂಡ್ವಿ. ಆ ಬೀದಿಲಿ ಇನ್ನೂ ಮೂರು ಮನೆ ತಗೊಂಡ್ರು. ಟಾರ್ಗೆಟ್ಟಿಗೆ ಇದು ಆಗುತ್ತಾ ನೋಡಿ.

ಇನ್ನೊಂದು. ಇಲ್ಲಿ ಎಲ್ಲರೂ "ರೈತ, ರೈತ" ಅಂತಿದ್ದೀರಿ. ಸಹಿ ಹಾಕೋದು ಯಜಮಾನ್ರು, ಹುಲ್ಲು ಕಟ್ ಮಾಡೋದು ನಾವು. ನನಗಿದ್ದ ಭಯ ದುಡ್ಡಿನದ್ದಲ್ಲ, ಕೈಯದ್ದು. ಸೀರೆ ಸೆರಗು, ಬಳೆ, ಪಕ್ಕದಲ್ಲಿ ಆಡೋ ಮಗು. ತೋರಿಸೋಕೆ ಬಂದವರು ಗಂಡಸರಿಗೆ ಹೊರಗೆ ತೋರಿಸಿ ಹೋಗ್ತಾರೆ. ನನ್ನ ಕೈಲಿ ಹುಲ್ಲು ಹಾಕಿಸಿ, ರೋಲರ್ ಉಲ್ಟಾ ತಿರುಗಿಸೋ ಲಿವರ್ ಎಲ್ಲಿದೆ ಅಂತ ನನ್ನ ಕೈಲೇ ಎಳೆಸಿದ ಮೇಲೆ ನಾನು ಹೂಂ ಅಂದಿದ್ದು. ಯಾರ ಮನೇಲಾದ್ರೂ ಒಂದು ಬೆರಳು ಹೋದ್ರೆ ಆ ಸುದ್ದಿ ನಿಮ್ಮ ಮೋಟಾರಿನ ಸುದ್ದಿಗಿಂತ ಬೇಗ ಹೋಗುತ್ತೆ.

ಕಾರ್ಯದರ್ಶಿ ವಿಷಯ: ಅವರು ಯಾವುದನ್ನಾದ್ರೂ ಒಳ್ಳೇದು ಅಂದ್ರೆ ನಮ್ಮೂರಲ್ಲಿ ಮೊದಲು ಕೇಳೋ ಮಾತು "ಅವರಿಗೆ ಎಷ್ಟಂತೆ?"

ಹಳೇ ಖಾತೆ

ತಾಯಿ, ಈ ಚರ್ಚೆಗೆ ಬೇಕಾದ್ದು ನೀವೇ ಹೇಳಿಬಿಟ್ರಿ. ನಾನು ಉದ್ರಿ ಬಗ್ಗೆ ಮಾತ್ರ ಸೇರಿಸ್ತೀನಿ.

30 ವರ್ಷ ಪಂಪು, ಪೈಪು, ಪಶು ಆಹಾರ ಮಾರಿದ್ದೀನಿ. ದುಡ್ಡು ಜೇಬಲ್ಲಿಟ್ಕೊಂಡು ಉದ್ರಿ ಕೇಳೋರನ್ನ ನೂರಾರು ಜನ ನೋಡಿದ್ದೀನಿ. ಮೊದಮೊದಲು ಸಿಟ್ಟು ಬರ್ತಿತ್ತು. ಆಮೇಲೆ ಅರ್ಥ ಆಯ್ತು, ಅವರು ಸಾಲ ಕೇಳ್ತಿಲ್ಲ, ಗ್ಯಾರಂಟಿ ಕೇಳ್ತಿದ್ದಾರೆ. ಕಾರ್ಡಿನ ಮೇಲೆ "1 ವರ್ಷ ವಾರಂಟಿ" ಅಂತ ಇರುತ್ತೆ. ಮಿಷನ್ ಕೆಟ್ಟಾಗ ಆ ಕಾರ್ಡ್ ಹಿಡ್ಕೊಂಡು ಯಾರ ಹತ್ರ ಹೋಗೋದು? ಆದ್ರೆ ನಿಮ್ಮ 14,000 ಅವರ ಕೈಲಿದ್ರೆ ನೀವೇ ಓಡಿ ಬರ್ತೀರಿ. ಅವರಿಗೆ ಗೊತ್ತಿರೋ ವಾರಂಟಿ ಅದೊಂದೇ.

ಹಾಗಾಗಿ ನಿಮ್ಮ ಆ ಗಿರಾಕಿ ಬಾಕಿ ಕೊಡಲ್ಲ ಅಂದಿದ್ದು ಮೋಸ ಅಲ್ಲ. 23 ದಿನ ಅವರ ಮನೆಯವರು ಕುಡುಗೋಲಲ್ಲಿ ಹುಲ್ಲು ಕೊಚ್ಚಿದ್ರಲ್ಲ, ಅದರ ಲೆಕ್ಕ ಅದು. ನಿಮ್ಮ ಹುಡುಗ ಡೈರಿ ಮುಂದೆ ಕೂಗಿದಾಗ ಉಳಿದ ಹನ್ನೆರಡು ಜನಕ್ಕೆ ಅರ್ಥ ಆಗಿದ್ದು ಏನು? "ಮೋಟಾರು ಸುಟ್ರೆ ನಮ್ಮ ಗತಿನೂ ಇದೇ, ಬಾಕಿ ಕೈಲಿಟ್ಕೊಂಡಿರೋದೇ ಕ್ಷೇಮ." ನೋಟಿಸ್ ಕೊಡಿ ಅಂದ್ರಲ್ಲ ರೀಲ್ಸ್ ರಾಜ, ಕೊಟ್ಟು ನೋಡಿ, ಹದಿಮೂರಿರೋದು ಇಪ್ಪತ್ತಾಗುತ್ತೆ. ಕಾನೂನಲ್ಲಿ ಬಾಕಿಗೆ ಮೂರು ವರ್ಷ ಟೈಮ್ ಇದೆ. ಅದರೊಳಗೆ ಗಿರಾಕಿ "ಇಷ್ಟು ಬಾಕಿ ಇದೆ" ಅಂತ ಬರೆದು ಸಹಿ ಹಾಕಿದ್ರೆ ಅಲ್ಲಿಂದ ಮತ್ತೆ ಮೂರು. ವರ್ಷಕ್ಕೊಂದು ಸಲ ಖಾತೆ ತೋರಿಸಿ ಸಹಿ ಹಾಕಿಸಿಕೊಳ್ಳಿ, ಸಾಕು.

ಇನ್ನು ಮುಂದಿನ ಮಾರಾಟಕ್ಕೆ ಲೆಕ್ಕ ಹೀಗೆ ಮಾಡಿ. ಅಡ್ವಾನ್ಸ್ 20,000. ನಿಮ್ಮ ಖರ್ಚು ಹೆಚ್ಚು ಕಡಿಮೆ ಅಲ್ಲೇ ಬಂತು, ಪೂರ್ತಿ ಮುಳುಗಿದ್ರೂ ಸಾವಿರ ರೂಪಾಯಿ ಹೋಗುತ್ತೆ ಅಷ್ಟೇ. ಉಳಿದ 6,000 ಗಿರಾಕಿ ಕೈಲಿರಲಿ. ನೀವೇ ಹೇಳಿ: "ಒಂದು ತಿಂಗಳಿಗೆ ಬಂದು ಬ್ಲೇಡ್ ಸಾಣೆ ಹಿಡಿದು ಕೊಡ್ತೀನಿ, ಮಿಷನ್ ಸರಿ ಇದ್ರೆ ಆಗ 3,000 ಕೊಡಿ. ಮೂರನೇ ತಿಂಗಳು ಮತ್ತೆ ಬರ್ತೀನಿ, ಆಗ 3,000. ನಾನು ಬರದಿದ್ರೆ ಕೊಡಬೇಡಿ." ಬಾಕಿ ಕೇಳೋಕೆ ಹೋಗೋದು ಬೇರೆ, ಸಾಣೆ ಹಿಡಿಯೋಕೆ ಹೋಗೋದು ಬೇರೆ. ಎರಡೂ ಒಂದೇ ಸಲ ಆಗುತ್ತೆ.

20,000 ಒಟ್ಟಿಗೆ ಆಗದವರಿಗೆ ಬಟವಾಡೆಯ ಕಂತು. ಎರಡು ಹಸು ಸೇರಿ ದಿನಕ್ಕೆ 16 ಲೀಟರ್, ಲೀಟರಿಗೆ 35 ಅಂತ ಹಿಡಿದ್ರೆ ಹದಿನೈದು ದಿನಕ್ಕೆ 8,400. ಅದರಲ್ಲಿ ಡೈರಿಯಿಂದ ತಂದ ಫೀಡಿನ ದುಡ್ಡು ಮೊದಲೇ ಕಟ್ ಆಗಿರುತ್ತೆ. ಉಳಿದದ್ದರಲ್ಲಿ 1,000 ಕೇಳಬಹುದು, 2,000 ಕೇಳಿದ್ರೆ ಮೂರನೇ ಕಂತಿಗೆ ತಪ್ಪುತ್ತೆ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಲೆಕ್ಕಕ್ಕೆ ಹಿಡೀಬೇಡಿ, ಅದು ಬೇರೆಯಾಗಿ, ತಡವಾಗಿ ಬರುತ್ತೆ.

ಎರಡು ಹಸು

ಸಂಘದ ದಿನ ಬರಬೇಡಿ ಅಂತ ಸೇರಿಸಿ. ನಮ್ಮಲ್ಲಿ ವಾರದ ಕಂತು ಕಟ್ಟೋ ದಿನ ಮನೇಲಿ ಹತ್ತು ರೂಪಾಯಿ ಇರಲ್ಲ. ಅವತ್ತು ಬಂದವರನ್ನ ಕಂಡ್ರೆ ಬಾಗಿಲು ಹಾಕ್ಕೊಳ್ಳೋ ಹಾಗಾಗುತ್ತೆ.

ಹೊಸ ವ್ಯಾಪಾರಿ

ಕಂತನ್ನ ಡೈರಿಯಲ್ಲೇ ಬಟವಾಡೆಯಿಂದ ಹಿಡಿದುಕೊಡೋಕೆ ಆಗುತ್ತಾ? ಆ ಕಾರ್ಯದರ್ಶಿ ಒಪ್ಪಿದ್ದಾರೆ.

ಹಳೇ ಖಾತೆ

ಬೇಡವೇ ಬೇಡ. ಅದು ಡೈರಿ ಸಂಘದ ದುಡ್ಡಿನ ವ್ಯವಹಾರ, ಖಾಸಗಿ ವ್ಯಾಪಾರಿಗೆ ಹಿಡಿದುಕೊಡೋಕೆ ಅವರಿಗೆ ಅಧಿಕಾರ ಎಲ್ಲಿದೆ? ನಾಳೆ ಆಡಿಟ್‌ನಲ್ಲಿ ಬಂದ್ರೆ ಅವರೂ ಸಿಕ್ಕಿಬೀಳ್ತಾರೆ, ನೀವೂ. ಅದಕ್ಕಿಂತ ದೊಡ್ಡದು, ಪ್ರತಿ ಡೈರಿಯಲ್ಲೂ ಎರಡು ಪಾರ್ಟಿ ಇರುತ್ತೆ. ನೀವು ಕಾರ್ಯದರ್ಶಿ ಜೊತೆ ಓಡಾಡಿದ ಕ್ಷಣ ನಿಮ್ಮ ಮಿಷನ್ ಒಂದು ಪಾರ್ಟಿಯ ಮಿಷನ್ ಆಗುತ್ತೆ. ಸಂಘದ ಚುನಾವಣೆಯಲ್ಲಿ ಅವರು ಸೋತ್ರೆ ನೀವೂ ಸೋತ ಹಾಗೆ. ಆ 500 ಇವತ್ತೇ ನಿಲ್ಲಿಸಿ.

ವೈಂಡಿಂಗ್ ಅಂಗಡಿ

ಇದನ್ನ ನಾನು ಪೂರ್ತಿ ಒಪ್ಪಲ್ಲ. ನಾನೂ ಗಿರಾಕಿ ಕಳಿಸ್ತೀನಿ, ಪಂಪಿನವರು ನನಗೆ ಕೊಡ್ತಾರೆ. ನನ್ನ ಟೈಮಿಗೆ ಬೆಲೆ ಇಲ್ವಾ? ಮುಚ್ಚಿಟ್ಟು ತಗೊಂಡ್ರೆ ತಪ್ಪು. ನಾನು ಎದುರಿಗೇ ಹೇಳ್ತೀನಿ, "ಇದು ತಗೊಂಡ್ರೆ ನನಗೆ ಇಷ್ಟು ಸಿಗುತ್ತೆ, ಕೆಟ್ರೆ ನಾನೇ ನೋಡ್ಕೋತೀನಿ" ಅಂತ. ಜನ ನಗ್ತಾರೆ, ಆಮೇಲೆ ತಗೋತಾರೆ.

ಹಳೇ ಖಾತೆ

ಕೆಟ್ರೆ ನೀವು ರಿಪೇರಿ ಮಾಡ್ತೀರಿ ಸ್ವಾಮಿ, ಕಾರ್ಯದರ್ಶಿ ಮಾಡ್ತಾರಾ? ಆದ್ರೂ ನನ್ನ ಅನುಭವದಲ್ಲಿ ಮೆಕ್ಯಾನಿಕ್ ಬಾಯಿ ಒಳ್ಳೇದು, ಜೇಬು ತುಂಬಿದ ಮೇಲೆ ಅದೇ ಬಾಯಿ ಸಂಶಯಕ್ಕೆ ಬೀಳುತ್ತೆ. ಸರ್ವೀಸಿಗೆ ಕೊಡಿ, ಶಿಫಾರಸಿಗೆ ಬೇಡ ಅಂತ ನಾನು. ನಾವಿಬ್ಬರೂ ಒಪ್ಪೋ ಹಾಗಿಲ್ಲ ಬಿಡಿ.

ಕಬ್ಬಿನ ಬಿಲ್ಲು

ಬಟವಾಡೆ ಲೆಕ್ಕ ನಿಮ್ಮ ಕಡೆ ನಡೀತೈತ್ರಿ. ವರ್ಷಕ್ಕೊಮ್ಮೆ ರೊಕ್ಕ ನೋಡೋ ಊರಾಗ ಈ 1,000ದ ಕಂತು ನಡ್ಯಾಂಗಿಲ್ಲ. ಬಾಕಿನ ಗ್ಯಾರಂಟಿ ಅನ್ನೂದು ಮಿಷನ್ನಿಗೆ ಖರೆ. ನನ್ನ ಬೀಜ-ಗೊಬ್ಬರಕ್ಕ? ಬೀಜ ಹುಟ್ಟಲಿಲ್ಲಂದ್ರ ಸಾಣೆ ಹಿಡ್ಯಾಕ ಹೋಗ್ಲಿ ಏನು? ನಂದು ನಗದು ರೇಟ್, ಉದ್ರಿ ರೇಟ್, ಅದ ಸರಿ ನನಗ.

ಗುಬ್ಬಿ ಹುಡುಗ

ಸಬ್ಸಿಡಿ ಬಗ್ಗೆ ಯಾರೂ ಹೇಳಲಿಲ್ಲ ☹️

ಹೊಸ ವ್ಯಾಪಾರಿ

ತಮ್ಮಾ, ನಿಮ್ಮ ಹೋಬಳಿ ರೈತ ಸಂಪರ್ಕ ಕೇಂದ್ರದಲ್ಲೂ ಪಶು ಆಸ್ಪತ್ರೆಯಲ್ಲೂ ಕೇಳು, ಈ ವರ್ಷ ಏನಿದೆ ಅಂತ ಅಲ್ಲೇ ಗೊತ್ತಾಗೋದು. ನನ್ನ ಮಿಷನ್ ಯಾವ ಪಟ್ಟಿಯಲ್ಲೂ ಇಲ್ಲ. ಅರ್ಧ ಗಿರಾಕಿಗಳು ನಿನ್ನ ಹಾಗೇ "ಸಬ್ಸಿಡಿ ಬರುತ್ತೆ, ನೋಡೋಣ" ಅಂತ ಕಾಯ್ತಾ ಕೂತಿದ್ದಾರೆ. ಅದೂ ಒಂದು ಕಾರಣ ಇರಬಹುದು.

ಉಳಿದವರಿಗೆ: ನಾಳೆಯಿಂದ ಆ 13 ಮನೆಗೆ ಹೊರಡ್ತೀನಿ. ಡೈರಿ ಮುಂದೆ ನಡೆದದ್ದಕ್ಕೆ ಡೈರಿ ಮುಂದೆಯೇ ಕ್ಷಮೆ ಕೇಳಲಾ?

ಎರಡು ಹಸು

ಬೇಡ. ಅಲ್ಲಿ ಇನ್ನೊಂದು ನಾಟಕ ಆಗುತ್ತೆ. ಮನೆಗೆ ಹೋಗಿ, ಅವರ ಮನೆಯವರ ಮುಂದೆ, ಅಮ್ಮ ಇದ್ರೆ ಅಮ್ಮನ ಮುಂದೆ ಹೇಳಿ. ಬಾಕಿ ಮಾತು ಎತ್ತಬೇಡಿ. ಡೈರಿಗೆ ಆ ಸುದ್ದಿ ತಾನಾಗೇ ಹೋಗುತ್ತೆ.

ಹೊಸ ವ್ಯಾಪಾರಿ (ಏಳು ವಾರದ ನಂತರ)

13 ಮನೆಗೂ ಹೋಗಿ ಬಂದೆ. ಕೈಲಿ ಮಲ್ಟಿಮೀಟರ್, ಸಾಣೆ ಮಿಷನ್, ಜೊತೆಗೊಬ್ಬ ಎಲೆಕ್ಟ್ರೀಷಿಯನ್. ಖಾತೆ ಪುಸ್ತಕ ಒಯ್ಯಲಿಲ್ಲ.

ವೈಂಡಿಂಗ್ ಅಂಗಡಿಯವರು ಹೇಳಿದ್ದು ಅಕ್ಷರಶಃ ನಿಜ. 9 ಮನೆಯಲ್ಲಿ ಓಡುವಾಗಲೇ 200ರ ಕೆಳಗೆ. ಒಂದು ಕಡೆ ಸ್ಟಾರ್ಟ್ ಮಾಡುವಾಗ ಮೀಟರ್ 148 ತೋರಿಸ್ತು. ಮೀಟರನ್ನ ಮನೆಯವರ ಕೈಲೇ ಹಿಡಿಸಿ ತೋರಿಸಿದೆ. ಐದು ಜನ ತಾವೇ ವೈರು ಹಾಕಿಸಿಕೊಂಡ್ರು. 4 ಮನೆಗೆ ನಾನೇ ಹಾಕಿಸಿದೆ, 11,000 ಚಿಲ್ಲರೆ ಆಯ್ತು. ಎಲ್ಲರ ಬ್ಲೇಡೂ ಮೊಂಡಾಗಿತ್ತು, ಸಾಣೆ ಹಿಡಿದು ಕೊಟ್ಟೆ. ಮೊಂಡು ಬ್ಲೇಡಿಂದಲೂ ಮೋಟಾರಿಗೆ ಭಾರ ಬೀಳುತ್ತೆ ಅನ್ನೋದು ನನಗೇ ಸರಿಯಾಗಿ ಗೊತ್ತಿರಲಿಲ್ಲ, ನಾಚಿಕೆ ಆಯ್ತು.

7 ಜನ ಪೂರ್ತಿ ಬಾಕಿ ಕೊಟ್ರು, 84,000. ನಾನು ಕೇಳಿರಲಿಲ್ಲ, ಎರಡನೇ ಸಲ ಹೋದಾಗ ತಾವೇ ಕೊಟ್ರು. 3 ಜನ ಬಟವಾಡೆಗೆ ಸಾವಿರ ಫೋನ್‌ಪೇ ಮಾಡ್ತಿದ್ದಾರೆ. ಇಬ್ಬರು "ನೋಡೋಣ" ಅಂದಿದ್ದಾರೆ. ಕೊಬ್ಬರಿಯ ಐದು ಜನದಲ್ಲಿ ಇಬ್ಬರು ಹಾಲಿನ ಕಂತಿಗೆ ಒಪ್ಪಿದ್ರು. ಮೂವರು ಒಪ್ಪಲಿಲ್ಲ, "ಹಾಲಿನ ದುಡ್ಡು ಹೆಂಗಸರದ್ದು, ಅದಕ್ಕೆ ಕೈ ಹಾಕಲ್ಲ" ಅಂದ್ರು.

ಮೋಟಾರು ಸುಟ್ಟ ಆ ಮನೆಯವರು ಮಾತ್ರ ಬಗ್ಗಲಿಲ್ಲ. ಒಳಗೆ ಕರೆದ್ರು, ಕಾಫಿ ಕೊಟ್ರು. ಮಿಷನ್ ಚೆನ್ನಾಗಿ ಓಡ್ತಿದೆ ಅಂತ ಅವರೇ ಅಂದ್ರು. "ಆದ್ರೆ ಆ 12,000 ನಾನು ಕೊಡೋದು ಮಿಷನ್ನಿಗಲ್ಲ, ಆ ಮಾತಿಗೆ ಕೊಟ್ಟ ಹಾಗಾಗುತ್ತೆ, ಕೊಡಲ್ಲ" ಅಂದುಬಿಟ್ರು. ಏನು ಹೇಳಬೇಕೋ ತೋಚಲಿಲ್ಲ.

ಹೊಸ ಮಾರಾಟ: ಬೇರೆ ಹೋಬಳಿಗಳಲ್ಲಿ 20,000 ಅಡ್ವಾನ್ಸಿನ ಲೆಕ್ಕದಲ್ಲಿ 5. ಇಬ್ಬರು "ಅಷ್ಟು ಅಡ್ವಾನ್ಸಾ?" ಅಂತ ಪೈಪೋಟಿಯವನ ಹತ್ರ ಹೋದ್ರು. ಈ ಹೋಬಳಿಯಲ್ಲಿ ಒಂದೇ ಒಂದು ಫೋನ್ ಬಂದಿದೆ, ಇನ್ನೂ ತಗೊಂಡಿಲ್ಲ.

ರೀಲ್ಸ್ ರಾಜ

ಆ ಮೀಟರ್ ಹಿಡಿಸಿದ್ದನ್ನ ವಿಡಿಯೋ ಮಾಡಬೇಕಿತ್ತು ಸರ್. ತಮಾಷೆಗೆ ಹೇಳ್ತಿಲ್ಲ. "148 ಬಂದ್ರೆ ಮಿಷನ್ ತಗೋಬೇಡಿ" ಅಂತ ಒಂದು ವಿಡಿಯೋ ಇದ್ರೆ ನಾನೇ ನಂಬ್ತಿದ್ದೆ.

ಹಳೇ ಖಾತೆ

ಇದನ್ನ ಮಾತ್ರ ಒಪ್ಪಿದೆ ಮಾರಾಯಾ. ಮುಖ ತೋರಿಸೋದು ಬೇಡ, ಮೀಟರ್ ಮತ್ತು ಕೈ ಸಾಕು. ಅದನ್ನೂ ಅವರ ಒಪ್ಪಿಗೆ ತಗೊಂಡೇ ಮಾಡಿ.

ವ್ಯಾಪಾರಿಗಳೇ, ಆ 12,000 ಬಿಟ್ಟುಬಿಡಿ. ಪುಸ್ತಕದಲ್ಲಿ ಗೆರೆ ಎಳೆದು ಅವರಿಗೆ ಹೇಳಿಬಿಡಿ.

ಎರಡು ಹಸು

ಬಿಟ್ಟೆ ಅಂತ ಹೇಳಬೇಡಿ. ಆಗ "ದುಡ್ಡು ಮುಳುಗಿಸಿದೋರು" ಅಂತ ಊರಲ್ಲಿ ಅವರ ಹೆಸರಿಗೆ ಬರುತ್ತೆ, ನೀವು ದೊಡ್ಡ ಮನುಷ್ಯ ಆಗ್ತೀರಿ. ಅದು ಎರಡನೇ ಸಲ ಬೈದ ಹಾಗೆ.

ಹಳೇ ಖಾತೆ

ಹಾಗಾದ್ರೆ ಏನು ಮಾಡಬೇಕು ಅಂತೀರಿ? ಪುಸ್ತಕದಲ್ಲಿ ಹಾಗೇ ಇಟ್ಕೊಂಡ್ರೆ ಬಾಕಿ, ಬಿಟ್ರೆ ಅವಮಾನ.

ಎರಡು ಹಸು

ನನಗೂ ಗೊತ್ತಿಲ್ಲ. ನಮ್ಮತ್ತೆನ ಕೇಳಿದೆ, "ಹಬ್ಬದವರೆಗೂ ಸುಮ್ಮನಿರೋಕೆ ಹೇಳು" ಅಂದ್ರು.

ಹೊಸ ವ್ಯಾಪಾರಿ

ಮುಂದಿನ ವಾರ ಆ ಊರಲ್ಲಿ ಇನ್ನಿಬ್ಬರ ಮನೆಗೆ ಸಾಣೆ ಹಿಡಿಯೋಕೆ ಹೋಗೋದಿದೆ. ಅವರ ಮನೆ ದಾರಿಯಲ್ಲೇ ಸಿಗುತ್ತೆ. ಅವರ ಬ್ಲೇಡಿಗೂ ಆಗ ಎರಡು ತಿಂಗಳಾಗಿರುತ್ತೆ. ನಿಲ್ಲಿಸ್ತೀನಿ, ಸಾಣೆ ಹಿಡೀತೀನಿ, ಬರ್ತೀನಿ. ಏನಾಯ್ತು ಅಂತ ಹಾಕ್ತೀನಿ.